ಶಾಂತಕ್ಕನಿಗೆ, ರೊಟ್ಟಿಯ ಲೋಗೋ ನೋಡಿದ ಮೇಲೆ

ಶಾಂತಕ್ಕಾ, ನಮಸ್ಕಾರ.

ನೀವು ಕಳುಹಿಸಿದ ಲೋಗೋದ ಫೋಟೋ ಬಂದಿದೆ. ಅದರ ಕೆಳಗೆ ‘ಇದು ಸರಿ ಇದೆಯಾ?’ ಎಂದಷ್ಟೇ ಬರೆದಿದ್ದೀರಿ. ಈ ಗುರುತು ನಿಮ್ಮ ಪ್ರತಿಯೊಂದು ರೊಟ್ಟಿ ಪಾಕೀಟಿನ ಮೇಲೂ ವರ್ಷಗಟ್ಟಲೆ ಕೂರುವಂಥದ್ದು. ಹಾಗಾಗಿ ಪ್ರೆಸ್ ಬಾಗಿಲು ಹಾಕಿದ ಮೇಲೆ ನಿಧಾನವಾಗಿ ನೋಡಿ ಬರೆಯುತ್ತಿದ್ದೇನೆ. ಮೊದಲು ಉತ್ತರ ಹೇಳಿಬಿಡುತ್ತೇನೆ: ಬಳೆ ತೊಟ್ಟ ಕೈ ರೊಟ್ಟಿ ಬಡಿಯುತ್ತಿರುವ ಕಲ್ಪನೆ ಬಹಳ ಸರಿ ಇದೆ. ಆದರೆ ಚಿತ್ರವನ್ನು ಈಗ ಇರುವ ಹಾಗೆಯೇ ಅಚ್ಚಿಗೆ ಕೊಡಬೇಡಿ. ಅದರಲ್ಲಿರುವ ಎರಡು ತೊಡಕುಗಳು ಅಂದಚೆಂದಕ್ಕೆ ಸಂಬಂಧಿಸಿದವಲ್ಲ, ವ್ಯಾಪಾರಕ್ಕೇ ಪೆಟ್ಟು ಕೊಡುವಂಥವು.

ಗೆರೆ ನೋಡಿದರೆ ಬಿಡಿಸಿದ್ದು ಸಾವಿತ್ರಿ ಎಂದು ಗೊತ್ತಾಗುತ್ತದೆ. ಮೊದಲು ಅವಳಿಗೆ ಒಂದು ಮಾತು ಹೇಳಿ. ಆ ಕೈಯ ಮಣಿಕಟ್ಟಿನಲ್ಲಿ ಹಸಿರು ಗಾಜಿನ ಬಳೆಗಳು ಸ್ವಲ್ಪ ಹಿಂದಕ್ಕೆ ಸರಿದು ಕೂತಿವೆಯಲ್ಲ, ಅದು ಕಣ್ಣಾರೆ ನೋಡಿದವರು ಮಾತ್ರ ಬಿಡಿಸಬಲ್ಲ ಗೆರೆ. ರೊಟ್ಟಿ ಬಡಿಯುವಾಗ ಬಳೆ ಹಾಗೆಯೇ ಮೇಲೆ ಸರಿದುಕೊಳ್ಳುತ್ತದೆ. ಯಂತ್ರದಲ್ಲಿ ಒತ್ತಿದ ರೊಟ್ಟಿ ಅಂಗಡಿಗಳಿಗೆ ಬರುತ್ತಿರುವ ಈ ಕಾಲದಲ್ಲಿ ‘ಇದು ಕೈಯಲ್ಲಿ ಬಡಿದದ್ದು’ ಎಂದು ಅಕ್ಷರವಿಲ್ಲದೆ ಹೇಳುವ ಚಿತ್ರ ಅದು. ಆ ಹಾಳೆಯಲ್ಲಿ ಇನ್ನೇನು ಹೋದರೂ ಆ ಬಳೆ ಉಳಿಯಬೇಕು.

ಇನ್ನು ತೊಡಕುಗಳ ವಿಷಯ. ಚೌಕಾಕಾರದ ಚೌಕಟ್ಟು, ಅದರ ನಡುವೆ ಕಂದು ಬಣ್ಣ ತುಂಬಿದ ದುಂಡನೆಯ ರೊಟ್ಟಿ. ಫೋಟೋವನ್ನು ಮೊಬೈಲಿನಲ್ಲಿ ಚಿಕ್ಕದು ಮಾಡಿ ನೋಡಿ. ಕೈ, ತೆನೆ, ಅಕ್ಷರ ಎಲ್ಲವೂ ಕರಗಿ ಹೋಗಿ ಚೌಕದೊಳಗೆ ಒಂದು ಕಂದು ಗುಂಡು ಮಾತ್ರ ಉಳಿಯುತ್ತದೆ. ಆಹಾರ ಪೊಟ್ಟಣಗಳ ಮೇಲೆ ಸಸ್ಯಾಹಾರಕ್ಕೆ ಹಸಿರು ಚೌಕದಲ್ಲಿ ಹಸಿರು ಗುಂಡು ಇರುತ್ತದೆ. ಮಾಂಸಾಹಾರಕ್ಕೆ ಬಹಳ ವರ್ಷ ಕಂದು ಚೌಕದಲ್ಲಿ ಕಂದು ಗುಂಡೇ ಇತ್ತು. 2020ರ ಲೇಬಲ್ ನಿಯಮಗಳಲ್ಲಿ ಅದನ್ನು ಕಂದು ತ್ರಿಕೋನವಾಗಿ ಬದಲಿಸಿದರು, ಆದರೆ ಜನರ ಕಣ್ಣಿನಿಂದ ಹಳೆಯ ಗುರುತು ಇನ್ನೂ ಹೋಗಿಲ್ಲ. ನಿಮ್ಮ ಗಿರಾಕಿಗಳಲ್ಲಿ ಹೆಚ್ಚಿನವರು ಸಸ್ಯಾಹಾರಿ ಮನೆಯವರು. ಅಂಗಡಿಯ ಹಲಗೆಯ ಮೇಲೆ ಪಾಕೀಟು ಕಂಡ ಒಬ್ಬ ಅಜ್ಜಿ ಅದನ್ನು ಮುಟ್ಟದೆ ಮುಂದೆ ಹೋದರೆ ಏಕೆ ಹೋದರೆಂದು ನಿಮಗೆ ತಿಳಿಯುವುದೇ ಇಲ್ಲ. ಕಂದು ಬದಲು ಹಸಿರು ಬಳಿದರೂ ಸರಿಹೋಗದು, ಅದು ನಿಜವಾದ ಸಸ್ಯಾಹಾರದ ಗುರುತಿನ ಜೊತೆ ಬೆರೆತುಹೋಗುತ್ತದೆ. ಚೌಕಟ್ಟನ್ನೇ ತೆಗೆದುಬಿಡಿ. ರೊಟ್ಟಿಯೇ ದುಂಡಗಿರುವಾಗ ಅದಕ್ಕೆ ಬೇರೆ ಪೆಟ್ಟಿಗೆ ಏಕೆ?

ಎರಡನೆಯದು ಆ ಕೈಯೇ. ಈಗ ಅಂಗೈ ನಮ್ಮ ಕಡೆ ತಿರುಗಿದೆ, ಐದೂ ಬೆರಳು ನೆಟ್ಟಗೆ ಮೇಲಕ್ಕಿವೆ. ಬಳೆಯನ್ನು ಬೆರಳಿನಿಂದ ಮುಚ್ಚಿ ನೋಡಿ, ಕಾಂಗ್ರೆಸ್ ಪಕ್ಷದ ಗುರುತು ಕಾಣುತ್ತದೆ. ನೀವು ಯಾವ ಪಕ್ಷಕ್ಕೆ ಮತ ಹಾಕುತ್ತೀರಿ ಎಂಬುದು ನಿಮ್ಮ ಸ್ವಂತ ವಿಷಯ, ಆದರೆ ರೊಟ್ಟಿ ಎಲ್ಲ ಪಕ್ಷದವರ ಮನೆಗೂ ಹೋಗಬೇಕು. ಚುನಾವಣೆ ಬಂದಾಗ ನಮ್ಮ ಪ್ರೆಸ್ಸಿಗೆ ಬರುವ ಕೆಲಸ ನೋಡಿದವನಾಗಿ ಹೇಳುತ್ತೇನೆ, ಆ ದಿನಗಳಲ್ಲಿ ಜನ ಎಲ್ಲದರಲ್ಲೂ ಗುರುತು ಹುಡುಕುತ್ತಾರೆ. ಅಲ್ಲದೆ, ರೊಟ್ಟಿ ಬಡಿಯುವಾಗ ಅಂಗೈ ಕಾಣುವುದಿಲ್ಲ, ಕೈಯ ಹಿಂಬದಿ ಕಾಣುತ್ತದೆ. ನೀವು ರೊಟ್ಟಿ ಬಡಿಯುವಾಗ ಸಾವಿತ್ರಿ ಪಕ್ಕದಲ್ಲಿ ಕುಳಿತು ಓರೆಯಾಗಿ ನೋಡಿ ಬಿಡಿಸಲಿ. ಬೆರಳುಗಳು ಒಂದಕ್ಕೊಂದು ಅಂಟಿಕೊಂಡು, ಅಂಗೈ ಹಿಟ್ಟಿನ ಮೇಲೆ, ಮಣಿಕಟ್ಟು ಸ್ವಲ್ಪ ಎತ್ತರದಲ್ಲಿ, ಬಳೆ ಹಿಂದಕ್ಕೆ. ಅಷ್ಟರಿಂದಲೇ ಅನುಮಾನವೂ ಹೋಗುತ್ತದೆ, ಚಿತ್ರವೂ ನಿಜವಾಗುತ್ತದೆ.

ರೊಟ್ಟಿಯ ಹಿಂದೆ ಗವಿಮಠದ ಬೆಟ್ಟ ಮತ್ತು ಗೋಪುರ ಬಿಡಿಸಿದ್ದೀರಿ. ಇದನ್ನು ಹೇಳುವಾಗ ನನಗೆ ಸ್ವಲ್ಪ ಅಳುಕು, ಏಕೆಂದರೆ ನಿಮ್ಮ ಭಕ್ತಿ ಗೊತ್ತು. ಜನವರಿಯ ಜಾತ್ರೆಯ ಮಹಾದಾಸೋಹಕ್ಕೆ ಊರೂರಿನ ಹೆಣ್ಣುಮಕ್ಕಳು ರೊಟ್ಟಿ ಬಡಿದು ಕಳುಹಿಸುವಾಗ ನೀವೂ ಕಳುಹಿಸುವವರು. ರೊಟ್ಟಿಗೂ ಮಠಕ್ಕೂ ಇರುವ ಆ ನಂಟಿನಿಂದಲೇ ಚಿತ್ರ ಬಂದಿದೆ ಎಂದು ನನಗೆ ಅರ್ಥವಾಗುತ್ತದೆ. ಆದರೆ ಪಾಕೀಟಿನ ಗತಿ ಏನು ಅಕ್ಕಾ? ರೊಟ್ಟಿ ತೆಗೆದುಕೊಂಡ ಮೇಲೆ ಹರಿದು ಬಿಸಾಡುತ್ತಾರೆ, ಬಸ್ ನಿಲ್ದಾಣದಲ್ಲಿ ಕಾಲ ಕೆಳಗೆ ಬೀಳುತ್ತದೆ, ಚರಂಡಿ ಸೇರುತ್ತದೆ. ಮಠದ ಚಿತ್ರ ಅಲ್ಲಿ ಬಿದ್ದಿರುವುದನ್ನು ನೋಡಿದರೆ ಮೊದಲು ನೊಂದುಕೊಳ್ಳುವವರು ನೀವೇ. ಜೊತೆಗೆ, ದೂರದ ಊರಿನವರು ಇದನ್ನು ಮಠದವರೇ ಮಾರುವ ರೊಟ್ಟಿ ಎಂದು ತಿಳಿಯಬಹುದು. ಆ ತಪ್ಪು ತಿಳಿವಳಿಕೆಗೆ ನೀವು ಕಾರಣರಾಗಬಾರದು. ಊರಿನ ಹೆಸರು ಬೇಕೆಂದರೆ ಲೇಬಲ್ಲಿನ ಕೆಳಗೆ ‘ಭಾಗ್ಯನಗರ, ಕೊಪ್ಪಳ’ ಎಂದು ಹಾಕೋಣ. ಒಲೆಯಿಂದ ಎದ್ದಂತೆ ಬಿಡಿಸಿರುವ ಹಬೆಯ ಮೂರು ಸುರುಳಿಗಳನ್ನೂ ಬಿಡಿ. ಖಡಕ್ ರೊಟ್ಟಿ ಕೊಳ್ಳುವವರು ಬಿಸಿಯಾಗಿದೆ ಎಂದು ಕೊಳ್ಳುವುದಿಲ್ಲ, ವಾರಗಟ್ಟಲೆ ಕೆಡುವುದಿಲ್ಲ ಎಂದು ಕೊಳ್ಳುತ್ತಾರೆ.

ರೊಟ್ಟಿಯ ಅಂಚನ್ನು ಕೈವಾರದಿಂದ ಎಳೆದಿದ್ದೀರಿ, ನಡುವೆ ಮುಳ್ಳು ಚುಚ್ಚಿದ ತೂತು ಕೂಡ ಫೋಟೋದಲ್ಲಿ ಕಾಣುತ್ತಿದೆ. ಅಷ್ಟು ನುಣುಪಾದ ದುಂಡು ನಾಣ್ಯದಂತೆ ಕಾಣುತ್ತದೆಯೇ ಹೊರತು ರೊಟ್ಟಿಯಾಗುವುದಿಲ್ಲ. ಜೋಳದ ರೊಟ್ಟಿಯ ಅಂಚು ಅಲ್ಲಲ್ಲಿ ಬಿರಿದಿರುತ್ತದೆ, ಹಂಚಿನ ಮೇಲೆ ಸುಟ್ಟ ಕಲೆಗಳಿರುತ್ತವೆ. ಅಂಚನ್ನು ಬರಿಗೈಯಲ್ಲಿ ಎಳೆಯಲಿ, ಎರಡು ಮೂರು ಕಡೆ ಬಿರುಕು ಬಿಡಲಿ, ಮೇಲೆ ನಾಲ್ಕೈದು ಸುಟ್ಟ ಕಲೆ ಇಡಲಿ. ಒಳಗೆ ಬಣ್ಣ ತುಂಬಬೇಡಿ. ರೊಟ್ಟಿ ಬೆಳ್ಳಗೇ ಇರುವುದರಿಂದ ಖಾಲಿ ಬಿಟ್ಟ ಜಾಗವೇ ರೊಟ್ಟಿಯಾಗುತ್ತದೆ.

ಅಕ್ಷರಗಳ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ನನ್ನ ಕಸುಬೇ ಅದು. ‘ಶಾಂತಮ್ಮನ ಜೋಳದ ರೊಟ್ಟಿ ಮತ್ತು ಶೇಂಗಾ ಹಿಂಡಿ’ ಎಂದು ಪೂರ್ತಿ ಸಾಲನ್ನು ರೊಟ್ಟಿಯ ಮೇಲೆ ಕಮಾನಿನಂತೆ ಬಾಗಿಸಿ ಬರೆದಿದ್ದೀರಿ. ಇಂಗ್ಲಿಷ್ ದೊಡ್ಡಕ್ಷರಗಳು ಕಮಾನಿನಲ್ಲಿ ಸುಲಭವಾಗಿ ಕೂರುತ್ತವೆ, ಅವುಗಳಿಗೆ ಕೆಳಗೆ ಒತ್ತು ಇಲ್ಲ. ಕನ್ನಡದಲ್ಲಿ ಹಾಗಲ್ಲ. ಮೇಲ್ಕಮಾನಿನಲ್ಲಿ ಬರೆದಾಗ ಅಕ್ಷರಗಳ ತಲೆ ದೂರ ದೂರ ಹರಡುತ್ತದೆ, ಬುಡ ಒಂದರ ಹತ್ತಿರ ಒಂದು ಬರುತ್ತದೆ. ‘ಮ್ಮ’, ‘ಟ್ಟಿ’, ‘ತ್ತು’ ಇವುಗಳ ಒತ್ತುಗಳೆಲ್ಲ ಬುಡದಲ್ಲೇ ಇವೆ. ಹಾಗಾಗಿ ‘ರೊಟ್ಟಿ’ಯ ಒತ್ತು ನಿಮ್ಮ ಚಿತ್ರದಲ್ಲಿ ರೊಟ್ಟಿಯ ಅಂಚಿಗೇ ತಾಗಿಬಿಟ್ಟಿದೆ. ಚಿಕ್ಕದಾಗಿ ಅಚ್ಚಾದಾಗ ಶಾಯಿ ಹರಡಿ ಒತ್ತು ಮುಚ್ಚಿಹೋಗುತ್ತದೆ. ಹೆಸರನ್ನು ಚಿತ್ರದ ಕೆಳಗೆ ನೇರ ಸಾಲಿನಲ್ಲಿ ಬರೆಯಿರಿ, ಒತ್ತಿಗೆ ಕೆಳಗೆ ಧಾರಾಳ ಜಾಗ ಬಿಡಿ.

ಹೆಸರು ಸಹ ಚಿಕ್ಕದಾಗಲಿ. ‘ಶಾಂತಮ್ಮನ ರೊಟ್ಟಿ’ ಸಾಕು. ಇಂದು ಶೇಂಗಾ ಹಿಂಡಿ ಇದೆ, ನಾಳೆ ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಸೇರಿದರೆ ಪ್ರತಿ ಸಲ ಲೋಗೋ ಬದಲಿಸುವುದೆ? ಅವನ್ನೆಲ್ಲ ಲೇಬಲ್ಲಿನಲ್ಲಿ ಹೇಳಬಹುದು. ಮೊಬೈಲ್ ಸಂಖ್ಯೆಗೂ, ‘ಶುಚಿ ರುಚಿ’ ಎಂಬ ಮಾತಿಗೂ ಅಲ್ಲಿಯೇ ಜಾಗ. ಆಹಾರ ಸುರಕ್ಷತೆಯ ನೋಂದಣಿಯ 14 ಅಂಕಿಯ ಸಂಖ್ಯೆ, ಪದಾರ್ಥಗಳು, ತೂಕ, ತಯಾರಿಸಿದ ದಿನಾಂಕ, ಹಸಿರು ಗುರುತು, ನಿಮ್ಮ ವಿಳಾಸ ಇವೆಲ್ಲ ಲೇಬಲ್ಲಿನಲ್ಲಿ ಬರಲೇಬೇಕು. ಅಲ್ಲಿ ಈ ವಿವರಗಳು ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ ಇರಬೇಕೆಂಬ ನಿಯಮವಿದೆ, ಜೊತೆಗೆ ಕನ್ನಡವನ್ನೂ ಹಾಕಬಹುದು. ಲೋಗೋದ ಹೆಸರು ಮಾತ್ರ ಕನ್ನಡದಲ್ಲೇ ದೊಡ್ಡದಾಗಿ ಇರಲಿ. ಬೆಂಗಳೂರಿಗೆ ಹೋದ ನಮ್ಮ ಕಡೆಯ ಹುಡುಗರು ಆ ಅಕ್ಷರ ನೋಡಿಯೇ ಕೈ ಚಾಚುತ್ತಾರೆ.

ಬಣ್ಣ ಒಂದೇ ಸಾಕು. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಪ್ರತಿ ಬಣ್ಣಕ್ಕೂ ಬೇರೆ ಸ್ಕ್ರೀನ್ ಮಾಡಬೇಕು, ಖರ್ಚೂ ಅಷ್ಟೇ ಏರುತ್ತದೆ. ಜೋಳದ ತೆನೆಗೆ ಹಳದಿ ಸ್ಕೆಚ್ ಪೆನ್ ಬಳಸಿದ್ದೀರಿ. ಪಾರದರ್ಶಕ ಕವರಿನ ಮೇಲೆ, ಒಳಗಿನ ಬಿಳಿ ರೊಟ್ಟಿಯ ಮುಂದೆ ಹಳದಿ ಕಾಣುವುದೇ ಇಲ್ಲ. ಕಡು ಕೆಂಪು ಒಂದೇ ಬಣ್ಣದಲ್ಲಿ ಎಲ್ಲ ಗೆರೆ ಬರಲಿ. ಗೆರೆ ದಪ್ಪವಾಗಿರಲಿ, ತೆನೆ ಎರಡರ ಬದಲು ಒಂದೇ ಇರಲಿ, ಬೇಡವೆನಿಸಿದರೆ ಅದನ್ನೂ ಬಿಡಬಹುದು. ಸಾವಿತ್ರಿಯನ್ನು ಒಮ್ಮೆ ಕಿನ್ನಾಳಕ್ಕೆ ಕರೆದುಕೊಂಡು ಹೋಗಿ. ಅಲ್ಲಿನ ಚಿತ್ರಗಾರರು ಮರದ ಬೊಂಬೆಗೆ ಕಣ್ಣು, ಹುಬ್ಬು, ಅಂಚು ಬರೆಯುವುದನ್ನು ಹತ್ತಿರದಿಂದ ನೋಡಿದರೆ, ಕಡಿಮೆ ಗೆರೆಯಲ್ಲಿ ಒಂದು ಮುಖ ಹೇಗೆ ನಿಲ್ಲುತ್ತದೆ ಎಂದು ನಾನು ಬರೆದು ಹೇಳುವುದಕ್ಕಿಂತ ಚೆನ್ನಾಗಿ ತಿಳಿಯುತ್ತದೆ.

ಹೊಸ ಚಿತ್ರ ಆದ ಮೇಲೆ ಜೆರಾಕ್ಸ್ ಅಂಗಡಿಯಲ್ಲಿ ಕಪ್ಪು ಬಿಳುಪಿನಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಚಿಕ್ಕದು ಮಾಡಿಸಿ. ಕೈ, ಬಳೆ, ರೊಟ್ಟಿ ಮೂರೂ ಕಂಡರೆ ಮುಂದೆ ಹೋಗೋಣ. ಆಮೇಲೆ ನಿಮ್ಮ ವ್ಯಾಪಾರದ ಸುದ್ದಿ ಗೊತ್ತಿಲ್ಲದ ಯಾರಿಗಾದರೂ ತೋರಿಸಿ, ‘ಸರಿ ಇದೆಯಾ?’ ಎಂದು ಕೇಳಬೇಡಿ, ‘ಇದೇನು ಕಾಣುತ್ತದೆ?’ ಎಂದು ಕೇಳಿ. ಸರಿ ಇದೆಯಾ ಎಂದರೆ ನಿಮ್ಮ ಮುಖ ನೋಡಿ ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ.

ಈ ಸಲ ಗೆರೆ ಹಾಕಿದ ನೋಟ್‌ಬುಕ್ ಹಾಳೆ ಬೇಡ, ಬಿಳಿ ಹಾಳೆಯ ಮೇಲೆ ಕಪ್ಪು ಪೆನ್ನಿನಲ್ಲಿ ಅಂಗೈಯಷ್ಟು ದೊಡ್ಡದಾಗಿ ಬಿಡಿಸಲಿ. ಬೆಳಗಿನ ಬೆಳಕಿನಲ್ಲಿ ಕಿಟಕಿಯ ಹತ್ತಿರ ಹಾಳೆಯನ್ನು ನೆಲದ ಮೇಲಿಟ್ಟು, ಮೊಬೈಲನ್ನು ಅದರ ನೇರ ಮೇಲೆ ಹಿಡಿದು ಫೋಟೋ ತೆಗೆಯಿರಿ. ಈಗಿನದರಲ್ಲಿ ಓರೆಯಾಗಿ ಹಿಡಿದು ರೊಟ್ಟಿ ಮೊಟ್ಟೆಯಾಕಾರಕ್ಕೆ ತಿರುಗಿದೆ, ಮೊಬೈಲಿನ ನೆರಳು ಹೆಸರಿನ ಮೇಲೆ ಬಿದ್ದಿದೆ. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಎಂದು ಕಳುಹಿಸದೆ ಡಾಕ್ಯುಮೆಂಟ್ ಎಂದು ಕಳುಹಿಸಿ, ಗೆರೆಗಳ ಸ್ಪಷ್ಟತೆ ಉಳಿಯುತ್ತದೆ. ಹಾಳೆಯನ್ನೇ ತಂದುಕೊಟ್ಟರೆ ಇನ್ನೂ ಒಳ್ಳೆಯದು. ಕಂಪ್ಯೂಟರಿನಲ್ಲಿ ಗೆರೆ ತಿದ್ದುವ ಕೆಲಸ ನನ್ನದು, ಆದರೆ ಅವಳ ಕೈಯ ಓರೆಕೋರೆಯನ್ನು ನಾನು ನೇರ ಮಾಡುವುದಿಲ್ಲ.

ಎರಡು ವಿಷಯ ತಿಳಿಸಿ. ಇದನ್ನು ಸ್ಟಿಕ್ಕರ್ ಮಾಡಿಸಿ ಅಂಟಿಸುತ್ತೀರೋ, ಕವರಿನ ಮೇಲೆಯೇ ಅಚ್ಚು ಹಾಕಿಸುತ್ತೀರೋ? ಈಗಿನ ಚಿತ್ರಕ್ಕೆ ಯಾರಿಗಾದರೂ ಮುಂಗಡ ಕೊಟ್ಟಿದ್ದರೆ ನಾಳೆ ಬೆಳಿಗ್ಗೆಯೇ ಫೋನ್ ಮಾಡಿ ನಿಲ್ಲಿಸಿ ಎನ್ನಿ. ಹಣದ ವಿಷಯದಲ್ಲಿ ಅವರು ತಕರಾರು ಮಾಡಿದರೆ ನನಗೆ ತಿಳಿಸಿ, ನಾನು ಮಾತನಾಡುತ್ತೇನೆ.

ನಿಮ್ಮ ತಮ್ಮ,
ಮಂಜುನಾಥ