ಟೇಪು ಮುಟ್ಟದ ಜಾಗ

ನೋಡಮ್ಮ, ಹೋದ ಭಾನುವಾರ ನಾನು ಶಿಡ್ಲಘಟ್ಟಕ್ಕೆ ಬಂದಿದ್ದಾಗ ನೀನು ಒಂದು ಪ್ರಶ್ನೆ ಕೇಳಿದೆ. "ಮಾಮ, ಮುಂದಿನ ವರ್ಷ ತ್ರಿಕೋನಮಿತಿ ಅಂತ ಬರುತ್ತಂತೆ. ಸೈನು, ಕಾಸು, ಟ್ಯಾನು. ಅಪ್ಪ ಇಪ್ಪತ್ತು ವರ್ಷದಿಂದ ರೇಷ್ಮೆ ಹುಳು ಸಾಕ್ತಿದ್ದಾರೆ, ಅವರಿಗೆ ಇದ್ಯಾವುದೂ ಬೇಕಾಗಿಲ್ಲ. ನನಗ್ಯಾಕೆ?" ಅಷ್ಟರಲ್ಲಿ ಅಕ್ಕ ಊಟಕ್ಕೆ ಕೂಗಿದಳು. ಮಾತು ಅಲ್ಲಿಗೇ ನಿಂತಿತು.

ಪರೀಕ್ಷೆಗೆ ಬರುತ್ತೆ, ಸುಮ್ನೆ ಓದು ಅಂತ ಹೇಳಬಹುದಿತ್ತು. ಆದರೆ ನಾನು ಹದಿನೆಂಟು ವರ್ಷದಿಂದ ಜಮೀನು ಅಳೆದು ಬದುಕುತ್ತಿರುವವನು. ನನ್ನ ಅನ್ನದ ಪ್ರಶ್ನೆಗೆ ಅಷ್ಟು ಸಣ್ಣ ಉತ್ತರ ಕೊಟ್ಟರೆ ಚೆನ್ನಾಗಿರಲ್ಲ.

ಮೊದಲು ನಿಮ್ಮಪ್ಪನ ವಿಷಯಕ್ಕೇ ಬರೋಣ. ನಿಮ್ಮ ದನದ ಕೊಟ್ಟಿಗೆ ಹನ್ನೆರಡಡಿ ಅಗಲ. ಮಳೆ ನೀರು ಹರಿದು ಹೋಗಲಿ ಅಂತ ಮುಂದಿನ ಗೋಡೆಯನ್ನು ಹಿಂದಿನದಕ್ಕಿಂತ ನಾಲ್ಕಡಿ ಎತ್ತರಿಸಿದ್ದಾರೆ. ಭಾವ ಏನು ಮಾಡಿದರು? ಅಗಲ ಹನ್ನೆರಡಡಿ ಅಂತ ಹನ್ನೆರಡಡಿ ಶೀಟನ್ನೇ ತಂದರು. ಮೇಲೆ ಹಾಕಿದರೆ ಎಂಟು ಇಂಚು ಸಾಲಲಿಲ್ಲ. ಗಾಡಿ ಬಾಡಿಗೆ ಎರಡು ಸಲ ಕೊಟ್ಟಿದ್ದು ನಿನಗೂ ನೆನಪಿರಬೇಕು. ಓರೆಯಾಗಿ ಮಲಗಿದ ಶೀಟು ಕೆಳಗಿನ ನೆಲಕ್ಕಿಂತ ಉದ್ದ ಇರಲೇಬೇಕು, ಅಲ್ವಾ?

"ಅದಕ್ಕೆ ಪೈಥಾಗೊರಸ್ ಸಾಕಲ್ಲ ಮಾಮ" ಅಂತೀಯ. ಸರಿ, ಸಾಕು. 144ಕ್ಕೆ 16 ಕೂಡಿಸು, ವರ್ಗಮೂಲ ತೆಗಿ, 12.65 ಅಡಿ. ಎರಡು ಬಾಹು ಗೊತ್ತಿದ್ದರೆ ಪೈಥಾಗೊರಸ್ ಸಾಕು. ಒಂದೇ ಬಾಹು ಗೊತ್ತಿದ್ದು, ಇನ್ನೊಂದರ ಹತ್ತಿರ ಟೇಪು ಹೋಗದಿದ್ದಾಗ ಏನು ಮಾಡುತ್ತೀಯ? ಆಗ ಬೇಕಾಗುವುದು ಕೋನ. ಕೋನ ಕೈಗೆ ಸಿಕ್ಕಿದರೆ ಕೆಲಸ ತ್ರಿಕೋನಮಿತಿಯದು.

ಹೆಸರು ನೋಡಿ ಹೆದರಬೇಡ. ಗಾರೆ ಮೇಸ್ತ್ರಿ "ಮೂರಡಿಗೆ ಒಂದಡಿ ವಾಟ ಕೊಡಿ" ಅಂತಾರಲ್ಲ, ಅದೇ ಟ್ಯಾನ್. ಎತ್ತರವನ್ನು ಅಡ್ಡ ಉದ್ದದಿಂದ ಭಾಗಿಸಿದ್ದು. ಕೊಟ್ಟಿಗೆ ಹನ್ನೆರಡಡಿ ಇದ್ದರೂ, ಗೋಡೌನು ಅರವತ್ತಡಿ ಇದ್ದರೂ ವಾಟ ಅದೇ ಆದರೆ ಕೋನವೂ ಅದೇ, ಸುಮಾರು 18 ಡಿಗ್ರಿ. ತ್ರಿಭುಜ ದೊಡ್ಡದಾದರೂ ಚಿಕ್ಕದಾದರೂ ಅನುಪಾತ ಬದಲಾಗಲ್ಲ. ಸಮರೂಪ ತ್ರಿಭುಜದ ಈ ಒಂದು ಗುಣದ ಮೇಲೆ ಇಡೀ ಪಾಠ ನಿಂತಿದೆ. ಮೇಸ್ತ್ರಿಗೆ ನಾಲ್ಕೈದು ವಾಟ ಬಾಯಿಪಾಠ. ಟ್ಯಾನ್ ಪಟ್ಟಿಯಲ್ಲಿ ಎಲ್ಲ ಕೋನಗಳ ವಾಟ ಬರೆದಿಟ್ಟಿರುತ್ತಾರೆ, ಅಷ್ಟೇ ವ್ಯತ್ಯಾಸ. ಅಂದ ಹಾಗೆ ಇದು ಎಲ್ಲೋ ಹೊರಗಿಂದ ಬಂದ ವಿದ್ಯೆ ಅಂದುಕೊಳ್ಳಬೇಡ. ಎತ್ತರವನ್ನು ಓರೆ ಉದ್ದದಿಂದ ಭಾಗಿಸಿದರೆ ಬರುವುದು ಸೈನ್. ಆರ್ಯಭಟ 499ರಲ್ಲೇ ಸೈನ್ ಬೆಲೆಗಳನ್ನು ಕೊಟ್ಟಿದ್ದ. ಅವನು ಕರೆದದ್ದು ಜ್ಯಾ ಅಂತ. ಬಿಲ್ಲಿನ ಹೆದೆ ಅಂತ ಅರ್ಥ. ಆ ಮಾತೇ ಅರಬ್ಬರ ಕೈಗೆ ಹೋಗಿ, ಲ್ಯಾಟಿನ್ನಿಗೆ ಹೋಗಿ, ಸೈನ್ ಆಗಿ ವಾಪಸ್ ಬಂದಿದೆ.

ಈಗ ನಿಮ್ಮ ಬಾವಿ ಪಕ್ಕದ ತೆಂಗಿನ ಮರಕ್ಕೆ ಬಾ. ಎತ್ತರ ಎಷ್ಟು? ಹತ್ತದೆ ಹೇಳಬೇಕು. ಜಾಮಿಟ್ರಿ ಬಾಕ್ಸಿನಲ್ಲಿರುವ 45 ಡಿಗ್ರಿ ಸೆಟ್‌ಸ್ಕ್ವೇರ್ ತಗೋ. ಒಂದು ಅಂಚು ನೆಲಕ್ಕೆ ಸಮಾನಾಂತರವಾಗಿರುವಂತೆ ಕಣ್ಣಿನ ಹತ್ತಿರ ಹಿಡಿದು, ಓರೆ ಅಂಚಿನ ಗುಂಟ ನೋಡುತ್ತಾ ಹಿಂದೆ ಹಿಂದೆ ಹೋಗು. ಮರದ ತುದಿ ಆ ಅಂಚಿಗೆ ಸರಿಯಾಗಿ ಕಂಡಲ್ಲಿ ನಿಲ್ಲು. 45ರ ಟ್ಯಾನ್ ಒಂದು. ಅಂದರೆ ಬುಡದಿಂದ ನೀನೆಷ್ಟು ದೂರವೋ ನಿನ್ನ ಕಣ್ಣಿನಿಂದ ಮೇಲೆ ಮರ ಅಷ್ಟೇ ಎತ್ತರ. ದೂರ 11 ಮೀಟರ್ ಬಂತು, ನಿನ್ನ ಕಣ್ಣಿನ ಎತ್ತರ 1.4 ಅಂತಿಟ್ಟುಕೋ. ಮರ 12.4 ಮೀಟರ್.

ಅಷ್ಟು ದೂರದಲ್ಲಿ ನಿಲ್ಲಲು ಜಾಗ ಸರಿಯಿಲ್ಲವೇ? ಕೋನಮಾಪಕದ ನಡು ತೂತಿಗೆ ದಾರ ಕಟ್ಟಿ ಸಣ್ಣ ಕಲ್ಲು ಇಳಿಬಿಡು. ಅದನ್ನು ತಲೆಕೆಳಗೆ ಹಿಡಿದು, ನೇರ ಅಂಚಿನಿಂದ ತುದಿ ನೋಡು. 15 ಮೀಟರ್ ದೂರದಲ್ಲಿ ದಾರ 54ರ ಮೇಲೆ ನಿಂತಿತು ಅಂದರೆ, 90ರಲ್ಲಿ 54 ಹೋಗಿ ಉಳಿದ 36 ನಿನ್ನ ಉನ್ನತ ಕೋನ, ಅಂದರೆ ಕಣ್ಣಿನ ಮಟ್ಟದಿಂದ ಮರದ ತುದಿ ಎಷ್ಟು ಡಿಗ್ರಿ ಮೇಲಿದೆ ಅನ್ನುವುದು. ಅದರ ಟ್ಯಾನ್ 0.7265. ಹದಿನೈದರಿಂದ ಗುಣಿಸಿ ಕಣ್ಣಿನ ಎತ್ತರ ಸೇರಿಸಿದರೆ 12.3. ಹತ್ತು ಸೆಂಟಿಮೀಟರ್ ಹೆಚ್ಚುಕಮ್ಮಿ. ಕಲ್ಲು ಕಟ್ಟಿದ ದಾರಕ್ಕೆ ಅಷ್ಟು ಮಾಫಿ ಮಾಡಬಹುದು.

ಮರದ ಬುಡಕ್ಕೆ ಟೇಪು ಹೋಗುತ್ತೆ. ನಂದಿ ಬೆಟ್ಟಕ್ಕೆ? ತುದಿಯ ನೇರ ಕೆಳಗೆ ಇರುವುದು ಬಂಡೆ. ನನಗೆ ಬಹಳ ಇಷ್ಟವಾದ ಲೆಕ್ಕ ಇದು. ಅಂಕಿಗಳನ್ನು ನಾನೇ ಹೊಂದಿಸಿದ್ದೇನೆ, ನೆಲ ಸಮತಟ್ಟು ಅಂದುಕೋ. ಒಂದು ಹೊಲದಲ್ಲಿ ನಿಂತು ನೋಡಿದೆ, ತುದಿ 12 ಡಿಗ್ರಿ ಮೇಲಿತ್ತು. ನೇರ ಹಿಂದಕ್ಕೆ 540 ಮೀಟರ್ ನಡೆದೆ, 10 ಡಿಗ್ರಿಗೆ ಇಳಿಯಿತು. ಒಂದನ್ನು 12ರ ಟ್ಯಾನ್‌ನಿಂದ ಭಾಗಿಸಿದರೆ 4.705. ಅಂದರೆ 12 ಡಿಗ್ರಿಯಲ್ಲಿ ಕಂಡರೆ, ಬೆಟ್ಟದ ಪ್ರತಿ ಒಂದು ಮೀಟರ್ ಎತ್ತರಕ್ಕೆ ನೀನು 4.705 ಮೀಟರ್ ದೂರ ಇದ್ದೀಯ. 10 ಡಿಗ್ರಿಯಾದರೆ 5.671. ಒಂದು ಮೀಟರ್ ಎತ್ತರಕ್ಕೆ ವ್ಯತ್ಯಾಸ 0.966. ನಡೆದದ್ದು 540. ಭಾಗಿಸು, 559 ಮೀಟರ್. ನಿಂತ ಹೊಲ ಸಮುದ್ರಮಟ್ಟದಿಂದ 920 ಮೀಟರ್ ಎತ್ತರದಲ್ಲಿದ್ದರೆ ಒಟ್ಟು 1479. ನಂದಿಯ ಎತ್ತರ 1478 ಮೀಟರ್ ಅಂತ ನೀನೂ ಓದಿರುತ್ತೀಯ. ಬೆಟ್ಟದ ಒಂದು ಕಲ್ಲನ್ನೂ ಮುಟ್ಟಿಲ್ಲ ನೋಡು.

ಇಡೀ ದೇಶವನ್ನು ಅಳೆದದ್ದೂ ಹೀಗೆಯೇ. 1802ರಲ್ಲಿ ಬ್ರಿಟಿಷ್ ಸೇನೆಯ ಅಧಿಕಾರಿ ವಿಲಿಯಂ ಲ್ಯಾಂಬ್ಟನ್ ಮದರಾಸಿನ ಹತ್ತಿರ ಸುಮಾರು 12 ಕಿಲೋಮೀಟರ್ ಗೆರೆಯನ್ನು ಸರಪಳಿ ಹಿಡಿದು ಅಳೆದ. ಆಮೇಲೆ ಹೆಚ್ಚಿನ ಕೆಲಸ ಕೋನಗಳದ್ದೇ. ಕೋನ ಅಳೆಯುವ, ಅರ್ಧ ಟನ್ ತೂಕದ ಥಿಯೋಡೊಲೈಟ್ ಯಂತ್ರವನ್ನು ಬೆಟ್ಟದಿಂದ ಬೆಟ್ಟಕ್ಕೆ ಹೊತ್ತು, ಒಂದು ತ್ರಿಭುಜದ ಪಕ್ಕಕ್ಕೆ ಇನ್ನೊಂದು ಜೋಡಿಸುತ್ತಾ ಹೋದರು. ಆ ಸರಣಿ ನಮ್ಮ ಮೈಸೂರು ಸೀಮೆ ದಾಟಿ ಪಶ್ಚಿಮದ ಕಡಲವರೆಗೂ ಹೋಯಿತು. ಐವತ್ತು ವರ್ಷದ ನಂತರ ಇದೇ ಸರ್ವೆಯ ರಾಧಾನಾಥ ಸಿಕ್ದಾರ್ ಲೆಕ್ಕ ಹಾಕಿ, ಈಗ ನಾವು ಎವರೆಸ್ಟ್ ಅನ್ನುವ ಶಿಖರವೇ ಎಲ್ಲಕ್ಕಿಂತ ಎತ್ತರ ಅಂತ ಹೇಳಿದರು. ನೋಡಿದ್ದು 160 ಕಿಲೋಮೀಟರಿಗೂ ಜಾಸ್ತಿ ದೂರದಿಂದ. 1856ರಲ್ಲಿ ಪ್ರಕಟವಾದ ಅಂಕಿ 29,002 ಅಡಿ. 2020ರಲ್ಲಿ ಉಪಗ್ರಹದ ಸಹಾಯ ಇಟ್ಟುಕೊಂಡು ಹೇಳಿದ್ದು 29,032 ಅಡಿ. ಮೂವತ್ತಡಿ ವ್ಯತ್ಯಾಸ!

ನನ್ನ ಕೆಲಸದಲ್ಲಿ ಇದು ಜಗಳ ಬಿಡಿಸಲೂ ಬೇಕು. ಬೆಟ್ಟದ ತಪ್ಪಲಲ್ಲಿ ಅಣ್ಣತಮ್ಮಂದಿರ ಜಮೀನು ಅಳೆಯಲು ಹೋಗಿದ್ದೆ. ಅಣ್ಣ ಟೇಪು ಹಿಡಿದು ಇಳಿಜಾರಿನ ಗುಂಟ ಅಳೆದಿದ್ದ, 100 ಮೀಟರ್. ನನ್ನ ಲೆಕ್ಕದಲ್ಲಿ 96.6. "ಮೂರೂವರೆ ಮೀಟರ್ ತಿಂದಿರಿ" ಅಂತ ನನ್ನ ಮೇಲೇ ಬಂದ. ನಕ್ಷೆಯಲ್ಲಿ ಬರುವುದು ಮೇಲಿನಿಂದ ನೋಡಿದಂತೆ ಅಡ್ಡ ಅಳತೆ. ಅಡ್ಡ ಉದ್ದವನ್ನು ಓರೆ ಉದ್ದದಿಂದ ಭಾಗಿಸಿದ್ದು ಕಾಸ್. ಇಳಿಜಾರು 15 ಡಿಗ್ರಿ, ಅದರ ಕಾಸ್ 0.966. ನೆಲದ ಮೇಲೆ ಕೋಲು ಓರೆ ಹಿಡಿದು, ಮಧ್ಯಾಹ್ನದ ಬಿಸಿಲಲ್ಲಿ ನೆರಳು ಹೇಗೆ ಗಿಡ್ಡ ಆಗುತ್ತೆ ಅಂತ ತೋರಿಸಿದ ಮೇಲೆ ಸುಮ್ಮನಾದ. ಈಗ ದೂರ, ಕೋನ ಎರಡನ್ನೂ ಅಳೆಯುವ ಟೋಟಲ್ ಸ್ಟೇಷನ್ ಯಂತ್ರವೇ ಈ ಗುಣಾಕಾರ ಮಾಡುತ್ತೆ. ಆದರೆ ಜಗಳ ಬಂದಾಗ ಯಂತ್ರ ಮಾತಾಡಲ್ಲ, ನಾನೇ ಮಾತಾಡಬೇಕು.

ಇನ್ನೂ ಎಷ್ಟೋ ಕಡೆ ಇದೆ. ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಸೈನ್ ಗೆರೆಯಂತೆ ಏರಿಳಿಯುತ್ತೆ. ನಿನ್ನ ತಮ್ಮನ ಮೊಬೈಲ್ ಆಟದಲ್ಲಿ ಕಾರು ತಿರುಗುವುದೂ ಸೈನ್, ಕಾಸ್ ಲೆಕ್ಕದಲ್ಲೇ. ಪಾವಗಡದ ಸೋಲಾರ್ ಹಲಗೆಗಳಿಗೂ ಬಿಸಿಲು ಬೀಳುವ ಕೋನ ಮುಖ್ಯ. ಹಾಗಂತ ಎಲ್ಲರಿಗೂ ದಿನಾ ಬೇಕು ಅಂತ ಸುಳ್ಳು ಹೇಳಲ್ಲ. ಪುಸ್ತಕದಲ್ಲಿ ಎಡಬದಿ ಬಲಬದಿಗೆ ಸಮ ಅಂತ ಸಾಧಿಸುವ ಲೆಕ್ಕಗಳಿರುತ್ತವಲ್ಲ, ಅವನ್ನು ನಾನು ಕೆಲಸದಲ್ಲಿ ಒಂದು ಸಲವೂ ಮಾಡಿಲ್ಲ. ಬೇಸರವಾದರೆ ಬೈದುಕೊಂಡೇ ಮಾಡು.

ಮುಂದಿನ ಭಾನುವಾರ ಬರುತ್ತೇನೆ. ಅಷ್ಟರಲ್ಲಿ ತೆಂಗಿನ ಮರದ ಎತ್ತರ ಎರಡೂ ವಿಧದಲ್ಲಿ ತೆಗೆದು ಬರೆದಿಡು. ಕಾಯಿ ಕೀಳುವವರು ಬಂದಾಗ ತುದಿಯಿಂದ ಹಗ್ಗ ಇಳಿಬಿಡಿಸಿ ಅಳೆಯೋಣ. ಅರ್ಧ ಮೀಟರಿನೊಳಗೆ ಬಂದರೆ ಮಸಾಲೆ ದೋಸೆ ನನ್ನ ಲೆಕ್ಕ.