ಮುಂದಕೆ ಮುಂದಕೆ ಕಾವೇರಿ: ಶಾಲಾ ಕ್ರೀಡಾಕೂಟಕ್ಕೆ ಕಾವೇರಿ ತಂಡದ ಹಾಡು

ಶ್ರೀರಂಗಪಟ್ಟಣ ತಾಲ್ಲೂಕಿನ ನಮ್ಮ ಹಿರಿಯ ಪ್ರಾಥಮಿಕ ಶಾಲೆಯ ಮಕ್ಕಳು ಕ್ರೀಡಾಕೂಟಕ್ಕಾಗಿ ಕಾವೇರಿ, ತುಂಗೆ, ಕೃಷ್ಣೆ ಮತ್ತು ಶರಾವತಿ ಎಂಬ ನಾಲ್ಕು ತಂಡಗಳಾಗಿ ಆಡುತ್ತಾರೆ. ಅವುಗಳಲ್ಲಿ ನೀಲಿ ಬಾವುಟದ ಕಾವೇರಿ ತಂಡದವರು ಪಥಸಂಚಲನದಲ್ಲಿಯೂ ಮೈದಾನದ ಅಂಚಿನಲ್ಲಿಯೂ ಹಾಡಬೇಕಾದ ಹಾಡು ಇದು. ಒಂದನೆಯ ತರಗತಿಯ ಮಗುವಿಗೂ ಬಾಯಿಪಾಠವಾಗಲಿ ಎಂದು ಪ್ರತಿಯೊಂದು ಸಾಲನ್ನೂ ನಾಲ್ಕು ಹೆಜ್ಜೆಗಳಿಗೆ ಹೊಂದಿಸಲಾಗಿದೆ. ಮೊದಲ ಅಕ್ಷರಕ್ಕೆ ಎಡಗಾಲು ಮುಂದಿಟ್ಟರೆ, ‘ಕಾವೇರಿ’ಯ ‘ರಿ’ ಬರುವಾಗ ಬಲಗಾಲು ತಾನಾಗಿಯೇ ನೆಲ ಮುಟ್ಟುತ್ತದೆ; ತಮಟೆಯ ಪೆಟ್ಟೂ ಅಲ್ಲಿಯೇ ಬೀಳಬೇಕು. ತಂಡದ ನಾಯಕಿ ನುಡಿಗಳನ್ನು ಹಾಡಲಿ, ಪಲ್ಲವಿಯನ್ನು ಎಲ್ಲರೂ ಸೇರಿ ಎರಡೆರಡು ಸಲ ಕೂಗಲಿ.

ಪಲ್ಲವಿ (ಎಲ್ಲರೂ)

ಮುಂದಕೆ ಮುಂದಕೆ ಕಾವೇರಿ!
ಹರಿಯುತ ಬಂದೆವು ಕಾವೇರಿ!
ನೀಲಿಯ ಬಾವುಟ ಮೇಲೇರಿ
ಹಾರಲಿ ಗಾಳಿಯ ಬೆನ್ನೇರಿ!

ನದಿಯ ನುಡಿ (ಪಥಸಂಚಲನದಲ್ಲಿ)

ತಲಕಾವೇರಿಯ ಪುಟ್ಟ ಕೊಳದಲಿ
ಕಣ್ಣನು ತೆರೆದಳು ಕಾವೇರಿ;
ಕೊಡಗಿನ ಕಾಡನು ಬಳಸುತ ನಡೆದಳು
ಕಲ್ಲಿನ ತಡೆಗಳ ತಾ ಮೀರಿ.

ಹಾರಂಗಿ ಬಂದು ಕೈಯನು ಹಿಡಿದಳು,
ಹೇಮಾವತಿ ಬಂದಳು ಓಡೋಡಿ;
ಕನ್ನಂಬಾಡಿಯ ಕಟ್ಟೆಯು ತುಂಬಿತು
ಎಲ್ಲರ ನೀರೂ ಒಡಗೂಡಿ.

ಶ್ರೀರಂಗಪಟ್ಟಣ ಬಳಸುತ ಹರಿದು
ಸೀಳಿದ ಹರಿವೂ ಒಂದಾಗಿ,
ಕಪಿಲೆಯ ಕೂಡಿ ತಿರುಮಕೂಡಲಲಿ
ಮತ್ತೂ ಹಿಗ್ಗುತ ಮುಂದಾಗಿ,

ಗಗನಚುಕ್ಕಿಯಲಿ ಧುಮುಕಿದ ನೀರು
ಬೆಳಕನು ಹೊತ್ತಿಸಿ ಕೊಟ್ಟಿತ್ತು;
ಸಾವಿರದೊಂಬೈನೂರೆರಡರಲೇ
ಕೋಲಾರದ ಗಣಿ ಬೆಳಗಿತ್ತು!

(ಪಲ್ಲವಿ)

ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ಸಂಗತಿಯನ್ನು ಕೊನೆಯ ನಾಲ್ಕು ಸಾಲುಗಳು ಹೇಳುತ್ತವೆ. ಹಾಡುವ ಮೊದಲು ಈ ಮಾತನ್ನು ಮಕ್ಕಳಿಗೆ ತಿಳಿಸಿದರೆ ‘ಬೆಳಗಿತ್ತು’ ಎಂಬಲ್ಲಿ ಅವರ ದನಿ ತಾನಾಗಿಯೇ ಏರುತ್ತದೆ. ಹಾರಂಗಿ, ಹೇಮಾವತಿ, ಕಪಿಲೆ ಎಂಬ ಹೆಸರುಗಳನ್ನು ನುಂಗದೆ ಬಿಡಿಬಿಡಿಯಾಗಿ ಉಚ್ಚರಿಸಬೇಕು. ಒಬ್ಬೊಬ್ಬರಾಗಿ ಬಂದು ಸೇರಿದವರಿಂದಲೇ ನಮ್ಮ ನದಿ ದೊಡ್ಡದಾಯಿತು. ತಂಡಕ್ಕೆ ಈ ಹೆಸರನ್ನು ಇಟ್ಟುಕೊಂಡಿರುವುದೂ ಅದಕ್ಕಾಗಿಯೇ.

ಓಟದ ನುಡಿ (ರಿಲೇ ಆರಂಭವಾಗುವ ಮೊದಲು)

ಸೀಟಿಯ ಸದ್ದಿಗೆ ಚಿಮ್ಮುವ ಕಾಲಿಗೆ
ದಣಿವಿನ ಹೆಸರೇ ಗೊತ್ತಿಲ್ಲ;
ಚಾಚಿದ ಕೈಯಲಿ ಬ್ಯಾಟನ್ ಇಡುವೆನು,
ಬೀಳಲು ನಾನು ಬಿಡುವುದಿಲ್ಲ!

ನಾಲ್ವರ ಓಟವು ಒಂದೇ ಓಟವು,
ನಾಲ್ವರ ಉಸಿರೂ ಒಂದಾಯ್ತು;
ಕೊನೆಯಲಿ ಓಡುವ ಗೆಳತಿಯ ಹೆಸರನು
ಕೂಗುವ ಕಂಠವು ನೂರಾಯ್ತು!

(ಪಲ್ಲವಿ)

ಖೋ ಖೋ ಮತ್ತು ಕಬಡ್ಡಿಯ ನುಡಿ

ಆ ಕಡೆ ಈ ಕಡೆ ಮೊಗವನು ಮಾಡಿ
ಎಂಟೂ ಮಂದಿಯು ಕುಳಿತೆವು;
ಬೆನ್ನಿಗೆ ತಟ್ಟುತ ‘ಖೋ’ ಎಂದೊಡನೆ
ಚಂಗನೆ ಮೇಲಕೆ ಎದ್ದೆವು!

ಕಬಡ್ಡಿ ಕಬಡ್ಡಿ ಕಬಡ್ಡಿ ಎನ್ನುತ
ಗೆರೆಯನು ದಾಟುತ ನುಗ್ಗುವೆವು;
ಮುಟ್ಟಿದ ಕೈಯಲಿ ನಡುಗೆರೆ ಮುಟ್ಟಿ
ಅಂಕವ ತಂದೇ ತೀರುವೆವು!

(ಪಲ್ಲವಿ)

‘ಕಬಡ್ಡಿ ಕಬಡ್ಡಿ’ ಎಂಬ ಸಾಲಿನಲ್ಲಿ ಹಾಡುವ ದನಿಯನ್ನು ಪೂರ್ತಿ ತಗ್ಗಿಸಿ, ದಾಳಿಗೆ ಹೋದವರ ಹಾಗೆ ಒಂದೇ ಉಸಿರಿನಲ್ಲಿ ಪಿಸುಗುಟ್ಟಿ, ‘ನುಗ್ಗುವೆವು’ ಎಂಬಲ್ಲಿ ಒಮ್ಮೆಲೇ ಗಟ್ಟಿಯಾಗಿ ಕೂಗಬೇಕು. ಮಕ್ಕಳಿಗೆ ಇಡೀ ಹಾಡಿನಲ್ಲಿ ಅತ್ಯಂತ ಪ್ರಿಯವಾದ ಜಾಗ ಇದು. ಅವರು ಮತ್ತೆ ಮತ್ತೆ ಕೇಳಿದರೆ ಮತ್ತೆ ಮತ್ತೆ ಹಾಡಿಸಬಹುದು.

ಹಗ್ಗಜಗ್ಗಾಟದ ನುಡಿ

ಹಗ್ಗವ ಹಿಡಿಯುತ ಹಿಮ್ಮಡಿ ಊರಿ
ಒಂದೇ ಉಸಿರಲಿ ಎಳೆಯೋಣ! — ಐಸಾ!
ಅಂಗೈ ಉರಿದರು ಹಿಡಿತವ ಬಿಡದೆ
ಹೆಜ್ಜೆಗೆ ಹೆಜ್ಜೆಯ ಬೆಸೆಯೋಣ! — ಐಸಾ!

ಎಳೆಯುವವರು ಹಾಡಬೇಕಾಗಿಲ್ಲ, ಅವರಿಗೆ ಉಸಿರು ಬೇಕು. ಸುತ್ತ ನಿಂತವರು ಹಾಡಲಿ, ಎಳೆಯುವವರು ‘ಐಸಾ’ ಎಂಬ ಕೂಗಿಗೆ ಮಾತ್ರ ದನಿಗೂಡಿಸಿ ಆ ಕ್ಷಣದಲ್ಲಿಯೇ ಹಗ್ಗವನ್ನು ಜಗ್ಗಲಿ.

ಪುಟ್ಟವರ ನುಡಿ

ಒಂದನೆ ತರಗತಿ ಪುಟ್ಟರು ಬಂದರು
ಬಾಯಲಿ ಚಮಚವ ಕಚ್ಚುತ್ತ,
ಚಮಚದ ಮೇಲಿನ ನಿಂಬೆಯ ಹಣ್ಣನು
ರೆಪ್ಪೆಯ ಬಡಿಯದೆ ನೋಡುತ್ತ.

ಗೋಣಿಯ ಚೀಲದ ಒಳಗಡೆ ನಿಂತು
ಕುಪ್ಪಳಿಸುತ್ತಾ ಸಾಗಿದರು;
ಬಿದ್ದವರೆದ್ದರು, ಎದ್ದವರೋಡಿ
ಗೆರೆಯನು ನಗುತಲೆ ದಾಟಿದರು!

(ಪಲ್ಲವಿ)

ಈ ನುಡಿಯನ್ನು ಏಳನೆಯ ತರಗತಿಯ ಅಕ್ಕ ಅಣ್ಣಂದಿರು ಹಾಡಬೇಕು. ಚಮಚ ಕಚ್ಚಿಕೊಂಡು ನಿಂತ ತಮ್ಮ ತಂಗಿಯರಿಗೆ ತಮ್ಮನ್ನೇ ಕುರಿತು ದೊಡ್ಡವರು ಹಾಡುತ್ತಿದ್ದಾರೆ ಎಂಬ ಹೆಮ್ಮೆ ಮೂಡಲಿ.

ಸ್ನೇಹದ ನುಡಿ (ಎಲ್ಲ ಆಟಗಳೂ ಮುಗಿದ ಮೇಲೆ)

ತುಂಗೆಯ ತಂಡಕೆ ಕೈಯನು ಚಾಚಿ
‘ಚೆನ್ನಾಗಾಡಿರಿ’ ಎನ್ನೋಣ;
ಕೃಷ್ಣೆಯ ತಂಡವು ಗೆದ್ದರೆ ನಾವು
ಚಪ್ಪಾಳೆಯ ಮಳೆ ಸುರಿಸೋಣ.

ಶರಾವತಿಯವರು ಎಡವಿದ ಕೂಡಲೆ
ಕೈಯನು ನೀಡುತ ಎತ್ತೋಣ;
ಅಂಕದ ಪಟ್ಟಿಯು ಏನೇ ಇರಲಿ,
ಒಟ್ಟಿಗೆ ಊಟಕೆ ಕೂರೋಣ!

ಬೇರೆ ತಂಡದ ಹೆಸರು ಬರುವಲ್ಲಿ ಆ ತಂಡದವರ ಕಡೆಗೆ ಮುಖ ಮಾಡಿ, ಬಾವುಟವನ್ನು ಸ್ವಲ್ಪ ಬಾಗಿಸಿ ಹಾಡಬೇಕು. ಅಣಕದ ದನಿ ಒಂದಿಷ್ಟೂ ಸುಳಿಯಬಾರದು. ಎದುರಾಳಿಯನ್ನು ಹೀಗಳೆಯುವ ಒಂದು ಪದವೂ ನಮ್ಮ ಹಾಡಿನಲ್ಲಿ ಇಲ್ಲ, ಮುಂದೆಯೂ ಯಾರೂ ಸೇರಿಸಬಾರದು.

ಕೂಗು (ಪ್ರತಿ ಸ್ಪರ್ಧೆಗೆ ತಂಡವು ಮೈದಾನಕ್ಕೆ ಇಳಿಯುವಾಗ)

ನಾಯಕಿ: ನಮ್ಮಯ ಬಣ್ಣ ಯಾವುದು?
ಎಲ್ಲರೂ: ನೀಲಿ! ನೀಲಿ!

ನಾಯಕಿ: ನಮ್ಮಯ ತಂಡ ಯಾವುದು?
ಎಲ್ಲರೂ: ಕಾವೇರಿ! ಕಾವೇರಿ!

ನಾಯಕಿ: ಬಿದ್ದರೆ ನಾವು ಏನ್ಮಾಡ್ತೀವಿ?
ಎಲ್ಲರೂ: ಏಳ್ತೀವಿ! ಓಡ್ತೀವಿ!

ನಾಯಕಿ: ಗೆಳೆಯರು ಬಿದ್ದರೆ ಏನ್ಮಾಡ್ತೀವಿ?
ಎಲ್ಲರೂ: ಎತ್ತಿ ಓಡ್ತೀವಿ!

ನಾಯಕಿ: ಒಂದು!
ಎಲ್ಲರೂ: ಸಿದ್ಧ!
ನಾಯಕಿ: ಎರಡು!
ಎಲ್ಲರೂ: ಸಿದ್ಧ!
ನಾಯಕಿ: ಮೂರು!
ಎಲ್ಲರೂ: ಓಡು ಕಾವೇರಿ, ಓಡು!