ವರ್ಷಾಂತ್ಯದ ಒಂದೇ ಪರೀಕ್ಷೆಯ ಬದಲು ವರ್ಷವಿಡೀ ಮೌಲ್ಯಮಾಪನ: ಪೋಷಕರ ಸಭೆಯಲ್ಲಿ ಮುಖ್ಯ ಶಿಕ್ಷಕಿಯ ಮಾತು

ಪ್ರಿಯ ಪೋಷಕರೇ, ಕೆಲಸ ಬಿಟ್ಟು, ಸಮಯ ಹೊಂದಿಸಿಕೊಂಡು ಬಂದಿದ್ದೀರಿ. ನಿಮಗೆಲ್ಲ ನಮಸ್ಕಾರ.

ನಾನು ಗಣಿತದ ಶಿಕ್ಷಕಿ. ಹಲವು ವರ್ಷಗಳ ಹಿಂದೆ, ವರ್ಷಾಂತ್ಯದ ಉತ್ತರ ಪತ್ರಿಕೆಗಳನ್ನು ತಿದ್ದುತ್ತಿದ್ದಾಗ ಒಬ್ಬ ಹುಡುಗಿಯ ಲೆಕ್ಕ ಕಣ್ಣಿಗೆ ಬಿತ್ತು. ಅರ್ಧಕ್ಕೆ ಮೂರನೇ ಒಂದನ್ನು ಕೂಡಿಸಿ ಐದನೇ ಎರಡು ಎಂದು ಬರೆದಿದ್ದಳು. ಮೇಲಿನ ಸಂಖ್ಯೆಗಳನ್ನು ಮೇಲೆ ಕೂಡಿಸಿದ್ದಳು, ಕೆಳಗಿನವನ್ನು ಕೆಳಗೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಬಂದ ಉತ್ತರ ಅರ್ಧಕ್ಕಿಂತ ಕಡಿಮೆ! ಪತ್ರಿಕೆಯ ಉದ್ದಕ್ಕೂ ಭಿನ್ನರಾಶಿ ಬಂದಲ್ಲೆಲ್ಲ ಇದೇ ತಪ್ಪು. ನಾನು ಕೆಂಪು ಶಾಯಿಯಲ್ಲಿ ಗೆರೆ ಎಳೆದೆ, ಅಂಕ ಕಳೆದೆ, ಪತ್ರಿಕೆಯನ್ನು ಕಟ್ಟಿನೊಳಗೆ ಸೇರಿಸಿದೆ. ಅವಳು ಹೇಗೋ ತೇರ್ಗಡೆಯಾದಳು. ರಜೆ ಕಳೆದು ಮುಂದಿನ ತರಗತಿಗೆ ಬಂದಾಗ ಬೀಜಗಣಿತದಲ್ಲೂ ಅದೇ ತಪ್ಪು ಮಾಡುತ್ತಿದ್ದಳು. ಅವಳಿಗೆ ಅಂಕ ಗೊತ್ತಾಗಿತ್ತು, ತಪ್ಪು ಗೊತ್ತಾಗಿರಲಿಲ್ಲ. ಹತ್ತು ನಿಮಿಷ ಪಕ್ಕದಲ್ಲಿ ಕುಳಿತು ಹೇಳಿಕೊಟ್ಟಿದ್ದರೆ ಸರಿಹೋಗುತ್ತಿದ್ದ ವಿಷಯ ಅದು. ಆದರೆ ಆ ತಪ್ಪು ನನಗೆ ಕಾಣಿಸಿದ ದಿನ ಪಾಠದ ವರ್ಷವೇ ಮುಗಿದಿತ್ತು.

ಈ ವರ್ಷದಿಂದ ಆರರಿಂದ ಒಂಬತ್ತನೆಯ ತರಗತಿಯವರೆಗೆ ನಾವು ತರುತ್ತಿರುವ ಬದಲಾವಣೆಯ ಉದ್ದೇಶ ಇದೊಂದೇ: ತಿದ್ದಲು ಕಾಲಾವಕಾಶ ಇರುವಾಗಲೇ ತಪ್ಪು ಕಾಣಬೇಕು.

ವ್ಯವಸ್ಥೆ ಹೀಗಿದೆ. ಪ್ರತಿ ವಿಷಯಕ್ಕೂ ಒಟ್ಟು 100 ಅಂಕ. ಅದರಲ್ಲಿ 50 ಅಂಕ ಲಿಖಿತ ಪರೀಕ್ಷೆಗೆ. ವರ್ಷದಲ್ಲಿ ಹತ್ತು ಹತ್ತು ಅಂಕಗಳ ಆರು ಘಟಕ ಪರೀಕ್ಷೆಗಳು ಇರುತ್ತವೆ. ಮೊದಲ ಐದರಲ್ಲಿ ಮಗು ಚೆನ್ನಾಗಿ ಬರೆದ ನಾಲ್ಕನ್ನು ಲೆಕ್ಕಕ್ಕೆ ಹಿಡಿಯುತ್ತೇವೆ, ಆರನೆಯದು ಕಡ್ಡಾಯ. ಎರಡು ಪ್ರಾಜೆಕ್ಟ್‌ಗಳಿಗೆ 20 ಅಂಕ. ಮೌಖಿಕ ಅಥವಾ ಪ್ರಾಯೋಗಿಕ ಕೆಲಸಕ್ಕೆ 15. ತರಗತಿಯ ಕೆಲಸ ಮತ್ತು ನೋಟ್ ಪುಸ್ತಕಕ್ಕೆ 15. ಎಲ್ಲವನ್ನೂ ಒಂದೇ ವಾರದಲ್ಲಿ ಪಣಕ್ಕಿಡುವ ಮೂರು ಗಂಟೆಯ ವಾರ್ಷಿಕ ಪರೀಕ್ಷೆ ಇನ್ನು ಇರುವುದಿಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಪ್ರತಿ ಘಟಕ ಪರೀಕ್ಷೆಯ ಉತ್ತರ ಪತ್ರಿಕೆ ಒಂದು ವಾರದೊಳಗೆ ಮಗುವಿನ ಕೈಗೆ ಮರಳುತ್ತದೆ. ಅದರೊಂದಿಗೆ ಶಿಕ್ಷಕರ ಮೂರು ಸಾಲಿನ ಟಿಪ್ಪಣಿ ಇರುತ್ತದೆ: ಏನು ಬಂದಿದೆ, ಎಲ್ಲಿ ಎಡವಿದೆ, ಮುಂದೆ ಏನು ಮಾಡಬೇಕು. ಅಂಕವನ್ನು ಅದೇ ದಿನ ಹೇಳುವುದಿಲ್ಲ. ಮಗು ಟಿಪ್ಪಣಿ ಓದಿ, ತಪ್ಪಿದ ಪ್ರಶ್ನೆಗಳನ್ನು ಮತ್ತೆ ಬಿಡಿಸಿ ತಂದ ಮೇಲೆಯೇ ಅಂಕ. ಇದು ಹಟವಲ್ಲ. ಅಂಕ ಮತ್ತು ಟಿಪ್ಪಣಿ ಎರಡನ್ನೂ ಒಟ್ಟಿಗೆ ಕೊಟ್ಟರೆ ಮಕ್ಕಳ ಕಣ್ಣು ಅಂಕದ ಮೇಲೆಯೇ ನಿಲ್ಲುತ್ತದೆ, ಟಿಪ್ಪಣಿಯ ಪ್ರಯೋಜನ ಕರಗಿಹೋಗುತ್ತದೆ. ರೂತ್ ಬಟ್ಲರ್ ಎಂಬ ಸಂಶೋಧಕಿ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಕಂಡುಬಂದಿತ್ತು. ತರಗತಿಯಲ್ಲಿ ನಾವೂ ದಿನವೂ ನೋಡುವುದು ಇದನ್ನೇ.

ಪದೇ ಪದೇ ಪರೀಕ್ಷೆ ಎಂದರೆ ಪದೇ ಪದೇ ಭಯವಲ್ಲವೇ ಎಂದು ಕೆಲವರು ಈಗಾಗಲೇ ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆ. ಪರೀಕ್ಷೆಯ ಭಯ ಹುಟ್ಟುವುದು ಅದರ ಮೇಲೆ ಹೇರಿದ ಭಾರದಿಂದ. ವರ್ಷದ ಭವಿಷ್ಯವೆಲ್ಲ ಒಂದು ಬೆಳಗಿನ ಮೇಲೆ ನಿಂತಾಗ, ಆ ದಿನ ಜ್ವರ ಬಂದರೂ, ಮನೆಯಲ್ಲಿ ಸಂಕಟವಿದ್ದರೂ ಮಗು ಅದನ್ನು ಹೊತ್ತುಕೊಂಡೇ ಬರೆಯಬೇಕಿತ್ತು. ಈಗ ಒಂದು ಘಟಕ ಪರೀಕ್ಷೆ ಕೆಟ್ಟರೆ ಅದು ಲೆಕ್ಕದಿಂದಲೇ ಬಿಟ್ಟುಹೋಗಬಹುದು. ಗೈರುಹಾಜರಾದರೆ ಮರಳಿ ಬಂದ ಹತ್ತು ದಿನಗಳೊಳಗೆ ಬೇರೆ ಪ್ರಶ್ನೆಪತ್ರಿಕೆಯಲ್ಲಿ ಬರೆಯಬಹುದು. ಒಂದು ದಿನಕ್ಕೆ ಒಂದಕ್ಕಿಂತ ಹೆಚ್ಚು, ಒಂದು ವಾರಕ್ಕೆ ಎರಡಕ್ಕಿಂತ ಹೆಚ್ಚು ಪರೀಕ್ಷೆ ಇಡುವುದಿಲ್ಲ. ಎಲ್ಲ ವಿಷಯಗಳ ಶಿಕ್ಷಕರು ಒಂದೇ ವೇಳಾಪಟ್ಟಿಯಲ್ಲಿ ದಿನ ಗುರುತಿಸುತ್ತಾರೆ.

ಇನ್ನೊಂದು ಸಂಗತಿ ಇದೆ. ಕಲಿತದ್ದನ್ನು ಮರೆಯುವುದು ಎಷ್ಟು ಬೇಗ ಎಂಬುದನ್ನು ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ 1885ರಷ್ಟು ಹಿಂದೆಯೇ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು ತೋರಿಸಿದ. ಓದಿದ ಕೆಲವೇ ಗಂಟೆಗಳಲ್ಲಿ ಮರೆವು ವೇಗವಾಗಿ ನಡೆಯುತ್ತದೆ, ಆಮೇಲೆ ನಿಧಾನವಾಗುತ್ತದೆ. ಓದಿದ್ದನ್ನು ನೆನಪಿನಿಂದ ಮತ್ತೆ ಹೊರತೆಗೆಯುವ ಪ್ರಯತ್ನವೇ ಕಲಿಕೆಯನ್ನು ಗಟ್ಟಿ ಮಾಡುತ್ತದೆ. ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮತ್ತೆ ಮತ್ತೆ ಓದಿದವರಿಗಿಂತ ಓದಿ ಪರೀಕ್ಷಿಸಿಕೊಂಡವರು ಒಂದು ವಾರದ ನಂತರ ಹೆಚ್ಚು ನೆನಪಿಟ್ಟುಕೊಂಡಿದ್ದರು. ಆದ್ದರಿಂದ ಸಣ್ಣ ಪರೀಕ್ಷೆಯನ್ನು ಅಳತೆಗೋಲು ಎಂದಷ್ಟೇ ನೋಡಬೇಡಿ, ಅದು ಪಾಠದ ಒಂದು ಭಾಗ. ವರ್ಷಾಂತ್ಯಕ್ಕೆ ರಾತ್ರಿಯೆಲ್ಲ ಎದ್ದು ಓದಿದ್ದು ರಜೆ ಮುಗಿಯುವ ಹೊತ್ತಿಗೆ ಎಲ್ಲಿ ಹೋಗಿರುತ್ತದೆ ಎಂಬುದು ನಮಗೆಲ್ಲ ಸ್ವಂತ ಅನುಭವದಿಂದಲೇ ಗೊತ್ತು.

ಮುಂದೆ ದೊಡ್ಡ ತರಗತಿಗಳಲ್ಲಿ ದೀರ್ಘ ಪರೀಕ್ಷೆ ಎದುರಿಸಬೇಕಲ್ಲ, ಆಗ ನಮ್ಮ ಮಕ್ಕಳು ಕಂಗಾಲಾಗುವುದಿಲ್ಲವೇ? ಈ ಆತಂಕ ನನಗೂ ಇತ್ತು. ಅದಕ್ಕಾಗಿಯೇ ಆರನೆಯ ಘಟಕ ಪರೀಕ್ಷೆಯನ್ನು ಕಡ್ಡಾಯ ಮಾಡಿದ್ದೇವೆ. ಅದು ಇಡೀ ವರ್ಷದ ಪಾಠಗಳ ಮೇಲೆ ಎರಡು ಗಂಟೆ ಬರೆಯುವ ಪರೀಕ್ಷೆ. ಕುಳಿತು ಬರೆಯುವ, ಸಮಯ ಹಂಚಿಕೊಳ್ಳುವ ಅಭ್ಯಾಸ ಮಕ್ಕಳಿಗೆ ತಪ್ಪುವುದಿಲ್ಲ. ಆದರೆ ಅದರ ಪಾಲು ಹತ್ತೇ ಅಂಕ.

ಪಕ್ಷಪಾತದ ಪ್ರಶ್ನೆಯನ್ನು ನೀವು ಕೇಳದಿದ್ದರೂ ನಾನೇ ಎತ್ತಬೇಕು. ತರಗತಿಯ ಕೆಲಸಕ್ಕೆ, ಮೌಖಿಕಕ್ಕೆ ಶಿಕ್ಷಕರು ಅಂಕ ಕೊಡುವಾಗ ಮಾತುಗಾರ ಮಗುವಿಗೆ ಹೆಚ್ಚು, ಮೌನಿಗೆ ಕಡಿಮೆ ಬೀಳುವ ಅಪಾಯ ನಿಜವಾಗಿಯೂ ಇದೆ. ಒಳ್ಳೆಯ ಶಿಕ್ಷಕರೂ ಇದರಿಂದ ಪೂರ್ತಿ ಹೊರತಲ್ಲ. ಹಾಗಾಗಿ ಯಾವುದಕ್ಕೆ ಎಷ್ಟು ಅಂಕ ಎಂಬ ಮಾನದಂಡವನ್ನು ಕೆಲಸ ಕೊಡುವ ದಿನವೇ ಮಕ್ಕಳ ಕೈಗೆ ಕೊಡುತ್ತೇವೆ. ಪ್ರತಿ ತರಗತಿಯ ಐದರಲ್ಲಿ ಒಂದು ಪ್ರಾಜೆಕ್ಟನ್ನು ಇನ್ನೊಬ್ಬ ಶಿಕ್ಷಕರು ಮೊದಲಿನ ಅಂಕ ನೋಡದೆ ತಿದ್ದುತ್ತಾರೆ. ದೊಡ್ಡ ವ್ಯತ್ಯಾಸ ಬಂದರೆ ಆ ತರಗತಿಯ ಎಲ್ಲ ಪ್ರಾಜೆಕ್ಟ್‌ಗಳನ್ನೂ ಮತ್ತೆ ನೋಡುತ್ತೇವೆ. ಎಲ್ಲರ ಮುಂದೆ ಮಾತನಾಡಲು ಹೆದರುವ ಮಗು ಶಿಕ್ಷಕರೊಬ್ಬರ ಎದುರೇ ಮೌಖಿಕ ಉತ್ತರ ಹೇಳಬಹುದು. ಅಂಕದ ಬಗ್ಗೆ ತಕರಾರಿದ್ದರೆ ಪತ್ರಿಕೆ ಕೈಸೇರಿದ ಒಂದು ವಾರದೊಳಗೆ ನನಗೆ ಬರೆದುಕೊಡಿ. ಅದರಿಂದ ಮಗುವಿಗೆ ಯಾವ ತೊಂದರೆಯೂ ಆಗದಂತೆ ನೋಡಿಕೊಳ್ಳುವುದು ನನ್ನ ಹೊಣೆ.

ಪ್ರಾಜೆಕ್ಟ್‌ಗಳನ್ನು ಶಾಲೆಯ ಅವಧಿಯಲ್ಲೇ, ಶಾಲೆಯ ಸಾಮಗ್ರಿಯಿಂದಲೇ ಮಾಡಿಸುತ್ತೇವೆ. ಅಪ್ಪ ಅಮ್ಮ ರಾತ್ರಿ ಕುಳಿತು ಮಾಡಿದ ಮಾದರಿಗೆ ಅಂಕ ಕೊಡುವುದರಲ್ಲಿ ಅರ್ಥವಿಲ್ಲ. ಅಂಥ ಸಹಾಯ ಸಿಗದ ಮನೆಯ ಮಗುವಿಗೆ ಅದು ಅನ್ಯಾಯವೂ ಹೌದು.

ಹಾಗಾದರೆ ನಿಮ್ಮಿಂದ ಏನು ಬೇಕು? ಉತ್ತರ ಪತ್ರಿಕೆ ಮನೆಗೆ ಬಂದ ಸಂಜೆ ಎಷ್ಟು ಅಂಕ ಎಂದು ಮೊದಲು ಕೇಳಬೇಡಿ. ಟಿಪ್ಪಣಿಯನ್ನು ಮಗುವಿನಿಂದಲೇ ಓದಿಸಿ. ಯಾವ ಪ್ರಶ್ನೆ ತಪ್ಪಿತು, ಈಗ ಅದನ್ನು ಹೇಗೆ ಬಿಡಿಸುತ್ತೀಯ ಎಂದು ಕೇಳಿ, ಕೇಳಿಸಿಕೊಳ್ಳಿ. ನಿಮಗೆ ಆ ಪಾಠ ಗೊತ್ತಿರಬೇಕಾಗಿಲ್ಲ. ಓದು ಬಾರದ ತಾಯಿಯೊಬ್ಬರು ಮಗನಿಂದ ಪ್ರತಿದಿನ ಪಾಠ ಹೇಳಿಸಿಕೊಂಡು ಅವನನ್ನು ತರಗತಿಯಲ್ಲಿ ಮುಂದೆ ತಂದದ್ದನ್ನು ನಾನು ಕಂಡಿದ್ದೇನೆ. ಅಣ್ಣನ ಅಂಕ, ಪಕ್ಕದ ಮನೆಯವರ ಅಂಕ ದಯವಿಟ್ಟು ಆ ಮಾತಿನಲ್ಲಿ ಬಾರದಿರಲಿ. ಟಿಪ್ಪಣಿಯ ಕೆಳಗೆ ಸಹಿ ಹಾಕುವಾಗ, ಮನೆಯಲ್ಲಿ ನೀವು ಗಮನಿಸಿದ್ದನ್ನು ಒಂದು ಸಾಲು ಬರೆದರೆ ನಮಗೆ ತುಂಬಾ ಉಪಯೋಗ.

ಮೊದಲ ವರ್ಷ ನಮ್ಮಿಂದಲೂ ತಪ್ಪುಗಳಾಗುತ್ತವೆ. ಟಿಪ್ಪಣಿ ತಡವಾಗಬಹುದು, ಒಂದು ವಾರ ಭಾರ ಹೆಚ್ಚಾಗಬಹುದು. ಆಗ ವರ್ಷಾಂತ್ಯದವರೆಗೆ ಕಾಯದೆ ತಕ್ಷಣ ಹೇಳಿ. ಮೂರನೆಯ ಘಟಕ ಪರೀಕ್ಷೆ ಮುಗಿದ ಕೂಡಲೇ ಇದೇ ಸಭಾಂಗಣದಲ್ಲಿ ಮತ್ತೆ ಸೇರಿ, ಏನನ್ನು ಬದಲಿಸಬೇಕೆಂದು ನಿಮ್ಮೊಂದಿಗೇ ತೀರ್ಮಾನಿಸುತ್ತೇವೆ.

ಮೊದಲ ಘಟಕ ಪರೀಕ್ಷೆ ಬರುವ ತಿಂಗಳ ಎರಡನೆಯ ವಾರದಿಂದ. ವೇಳಾಪಟ್ಟಿ ಮತ್ತು ಟಿಪ್ಪಣಿ ಹಾಳೆಯ ಮಾದರಿ ಬಾಗಿಲ ಬಳಿಯ ಮೇಜಿನ ಮೇಲಿವೆ, ತೆಗೆದುಕೊಂಡು ಹೋಗಿ. ತರಗತಿ ಶಿಕ್ಷಕರು ತಮ್ಮ ತಮ್ಮ ಕೊಠಡಿಗಳಲ್ಲಿ ನಿಮಗಾಗಿ ಕಾಯುತ್ತಿದ್ದಾರೆ. ಅದಕ್ಕೂ ಮುನ್ನ ಎಲ್ಲರ ಎದುರು ಕೇಳಬೇಕಾದ ಪ್ರಶ್ನೆಗಳಿದ್ದರೆ ಈಗ ಕೇಳಿ. ಹಿಂದಿನ ಸಾಲಿನಲ್ಲಿ ಒಬ್ಬರು ಆಗಲೇ ಕೈ ಎತ್ತಿದ್ದಾರೆ, ಮೊದಲು ಅವರು ಮಾತನಾಡಲಿ.